ಬೆಲೆ ಇಳಿಸದೆ ಗಿರಾಕಿಯನ್ನು ಉಳಿಸುವುದು

ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಬೆಲೆಯೆಂಬುದು ಎರಡು ರೇಖೆಗಳು ಒಂದನ್ನೊಂದು ಕತ್ತರಿಸುವ ಒಂದು ಬಿಂದು. ನಮ್ಮ ಅಧ್ಯಾಪಕರು ಅದನ್ನು ಕರಿಹಲಗೆಯ ಮೇಲೆ ಎಳೆದು ತೋರಿಸುವಾಗ ಬಹಳ ಶಾಂತವಾಗಿ ಕಾಣುತ್ತದೆ. ಬೇಡಿಕೆ ಮೇಲಿನಿಂದ ಇಳಿದು ಬರುತ್ತದೆ, ಪೂರೈಕೆ ಕೆಳಗಿನಿಂದ ಏರಿ ಹೋಗುತ್ತದೆ, ಎರಡೂ ಒಂದೆಡೆ ಸಂಧಿಸಿ ಸುಮ್ಮನಾಗುತ್ತವೆ. ಅಂಗಡಿಯ ಗಾದಿಯ ಮೇಲೆ ಕುಳಿತವರನ್ನು ಕೇಳಿದರೆ ಬೇರೆ ಕಥೆ ಹೇಳುತ್ತಾರೆ. ಆ ಬಿಂದುವನ್ನು ಮುಟ್ಟುವ ಮೊದಲು ಅಲ್ಲಿ ಎಷ್ಟೋ ಮಾತು ನಡೆದಿರುತ್ತದೆ. ಕೆಲವು ಸಲ ಮಾತು ಕೆಟ್ಟು, ಕೊಳ್ಳುವ ಮನಸ್ಸಿದ್ದವರೂ ಮಾರುವ ಮನಸ್ಸಿದ್ದವರೂ ಮುಖ ತಿರುಗಿಸಿಕೊಂಡು ಹೋಗಿರುತ್ತಾರೆ. ಕರಿಹಲಗೆಯ ಮೇಲೆ ಬಾರದ ಆ ಮಾತಿನಲ್ಲಿ ಒಂದು ಭಾಗವನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಕೊಟ್ಟ ರಿಯಾಯಿತಿ ಸಾಲದೆಂದು ಗಿರಾಕಿ ಇನ್ನಷ್ಟು ಕೇಳಿದಾಗ, ಆಗುವುದಿಲ್ಲವೆಂದು ಹೇಳುವ ಬಗೆ ಯಾವುದು?

ಈ ವಿಷಯದ ಮೇಲೆ ಬರೆಯಲು ನನಗಿರುವ ಅಧಿಕಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಇಳಕಲ್ಲಿನವನು. ನಮ್ಮ ಮನೆಯ ನಡುಮನೆಯಲ್ಲಿ ಕೈಮಗ್ಗವಿದೆ. ಅಪ್ಪ ಅದರ ಮೇಲೆ ಊರಿನ ಒಬ್ಬ ಸಾವ್ಕಾರರಿಗಾಗಿ ಸೀರೆ ನೇಯುತ್ತಾರೆ. ನೂಲು ಸಾವ್ಕಾರರದು, ಕೈ ಅಪ್ಪನದು, ಸೀರೆಗಿಷ್ಟೆಂದು ಮಜೂರಿ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೊಬ್ಬನೇ. ಹೀಗಾಗಿ ‘ಓದಿದ ಹುಡುಗ, ನಾಲ್ಕು ಸಾಲು ಚಂದಾಗಿ ಬರೀತಾನ’ ಎಂದು ಸಾವ್ಕಾರರು ಎರಡು ವರ್ಷಗಳಿಂದ ಸಾಯಂಕಾಲ ಎರಡು ತಾಸು ನನ್ನನ್ನು ಅಂಗಡಿಗೆ ಕರೆಸಿಕೊಳ್ಳುತ್ತಾರೆ. ಹುಬ್ಬಳ್ಳಿ, ಬೆಂಗಳೂರು, ಸೊಲ್ಲಾಪುರಗಳಿಂದ ಫೋನಿನ ಮೇಲೆ ಬರುವ ವಾಟ್ಸ್ಯಾಪ್ ಸಂದೇಶಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಸಾವ್ಕಾರರು ಹೇಳುತ್ತಾರೆ, ನಾನು ಬರೆಯುತ್ತೇನೆ. ಅವರು ಹೇಳಿದ್ದಕ್ಕೂ ನಾನು ಬರೆದದ್ದಕ್ಕೂ ನಡುವೆ ಇರುವ ಅಂತರವೇ ಈ ಪ್ರಬಂಧದ ವಸ್ತು.

ಸಾವ್ಕಾರರು ಕೆಟ್ಟವರಲ್ಲ. ಐದು ಸೀರೆಗಿಂತ ಹೆಚ್ಚು ಕೊಂಡವರಿಗೆ ಕೇಳದೆಯೇ ನೂರಕ್ಕೆ ಐದು ರೂಪಾಯಿ ಬಿಡುತ್ತಾರೆ. ಅದರ ಮೇಲೆ ಗಿರಾಕಿ ಮತ್ತೊಂದು ಸಲ ಬಾಯಿ ತೆರೆದರೆ ಮಾತ್ರ ಅವರಿಗೆ ಸಿಟ್ಟು ಬರುತ್ತದೆ. ಆಗ ಅವರ ಬಾಯಿಂದ ಹೊರಡುವ ಉತ್ತರಗಳು ಮೂರೇ. ‘ಬರಿ ತಮ್ಮಾ, ಬೇಕಾದ್ರ ತಗೋರಿ, ಬ್ಯಾಡಾದ್ರ ಬಿಡ್ರಿ’ ಎಂಬುದು ಮೊದಲನೆಯದು. ‘ಅಷ್ಟಕ್ಕ ಸಿಗೂದಾದ್ರ ಅಲ್ಲೇ ತಗೋರಿ’ ಎಂಬುದು ಎರಡನೆಯದು. ಮೂರನೆಯದು ಏನನ್ನೂ ಬರೆಯದೆ ಬಿಡುವುದು. ಇದು ಮೂರರಲ್ಲಿ ಅತ್ಯಂತ ಕಠಿಣವಾದ ಉತ್ತರವೆಂದು ನನ್ನ ಅಭಿಪ್ರಾಯ.

ಕಳೆದ ಚಳಿಗಾಲದಲ್ಲಿ ನಡೆದ ಒಂದು ವ್ಯವಹಾರವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಹುಬ್ಬಳ್ಳಿಯ ಒಬ್ಬ ತಾಯಿ ಮಗಳ ಮದುವೆಯಲ್ಲಿ ಬಂಧುಗಳಿಗೆ ಉಡಿಸಲು 20 ಸೀರೆ ಬೇಕೆಂದು ಬರೆದರು. ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಅವರು ಆರಿಸಿದ್ದು ಹತ್ತಿಯ ಒಡಲು, ರೇಷ್ಮೆಯ ದಡಿ, ಕೆಂಪು ರೇಷ್ಮೆಯ ತೋಪು ತೆನೆ ಸೆರಗು ಇರುವ ಕೈಮಗ್ಗದ ಸೀರೆ. ಬೆಲೆ ಒಂದಕ್ಕೆ 3,000 ರೂಪಾಯಿ. ನೂರಕ್ಕೆ ಐದು ಬಿಟ್ಟು 2,850ರಂತೆ ಒಟ್ಟು 57,000 ಆಗುತ್ತದೆಂದು ನಾವು ತಿಳಿಸಿದೆವು. ಅವರಿಂದ ಮರುದಿನ ಉತ್ತರ ಬಂತು: ‘ಇಪ್ಪತ್ತು ಸೀರೆ ಒಮ್ಮೆಗೆ ತೆಗೆದುಕೊಳ್ಳುತ್ತಿದ್ದೇವೆ. ಶೇಕಡಾ 15 ಬಿಡಬೇಕು. 51,000ಕ್ಕೆ ಮುಗಿಸಿರಿ.’

ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಇಪ್ಪತ್ತು ಸೀರೆ ಕೊಳ್ಳುವವರು ಹೆಚ್ಚು ರಿಯಾಯಿತಿ ಕೇಳುವುದು ಲೋಕರೂಢಿ. ಆದರೆ ಸೀರೆಯ ಹೊಟ್ಟೆಯೊಳಗಿನ ಲೆಕ್ಕ ಗಿರಾಕಿಗೆ ಕಾಣುವುದಿಲ್ಲ. ತೆರಿಗೆಯನ್ನು ಸರಳತೆಗಾಗಿ ಬದಿಗಿಟ್ಟು ಆ ಲೆಕ್ಕವನ್ನು ಹೇಳುತ್ತೇನೆ. ಆ ಸೀರೆಗೆ ನೂಲು ಮತ್ತು ರೇಷ್ಮೆ 1,100 ರೂಪಾಯಿ. ಬಣ್ಣ ಹಾಕಿಸಿ, ಹಾಸು ಮಾಡಿ, ಮಗ್ಗಕ್ಕೆ ಏರಿಸುವವರೆಗಿನ ಕೆಲಸಕ್ಕೆ 300. ನೇಕಾರನ ಮಜೂರಿ 900. ಅಂಗಡಿಯ ಬಾಡಿಗೆ, ದೀಪ, ಗುಮಾಸ್ತರ ಸಂಬಳ, ಕಟ್ಟಿ ಕಳಿಸುವ ಖರ್ಚು ಎಲ್ಲ ಸೇರಿ 300. ಒಟ್ಟು 2,600. ಹಾಗಾದರೆ 2,850ಕ್ಕೆ ಮಾರಿದಾಗ ಸಾವ್ಕಾರರಿಗೆ ಉಳಿಯುವುದು ಸೀರೆಗೆ 250 ರೂಪಾಯಿ. ಶೇಕಡಾ 15 ಬಿಟ್ಟರೆ ಸೀರೆ 2,550ಕ್ಕೆ ಹೋಗುತ್ತದೆ. ಪ್ರತಿ ಸೀರೆಗೆ 50ರಂತೆ ಇಪ್ಪತ್ತು ಸೀರೆಗೆ 1,000 ರೂಪಾಯಿ ಕೈಯಿಂದ ಹೋಗುತ್ತದೆ. ಗಿರಾಕಿಗೆ ಐದರಿಂದ ಹದಿನೈದಕ್ಕೆ ಹೋಗುವುದು ಹತ್ತು ಮೆಟ್ಟಿಲಿನಂತೆ ತೋರುತ್ತದೆ. ವ್ಯಾಪಾರಿಗೆ ಅದು ಲಾಭದ ಕಡೆಯಿಂದ ನಷ್ಟದ ಕಡೆಗೆ ಹೊಸ್ತಿಲು ದಾಟಿದಂತೆ.

ಮಜೂರಿ 900 ಏಕೆ ಎಂದು ಕೇಳುವವರಿಗೆ ಒಂದು ಮಾತು. ಬೇರೆ ಸೀರೆಗಳಲ್ಲಿ ಒಮ್ಮೆ ಉದ್ದ ಹಾಸು ಹೂಡಿದರೆ ಅದರಲ್ಲಿ ಹಲವು ಸೀರೆ ನೇಯಬಹುದು. ನಮ್ಮ ಊರಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯನ್ನು ಸಿಕ್ಕಿಸಿ ಎರಡನ್ನೂ ಕೂಡಿಸಬೇಕು. ಇದಕ್ಕೆ ಕೊಂಡಿ ಎನ್ನುತ್ತಾರೆ. ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು. ಈ ಕೆಲಸವೂ ಸೇರಿ ನಮ್ಮ ಮನೆಯಲ್ಲಿ ಇಂತಹ ಒಂದು ಸೀರೆ ಮಗ್ಗದಿಂದ ಇಳಿಯಲು ಮೂರು ದಿನ ಬೇಕು. ಅವ್ವ ಕಂಡಿಕೆ ಸುತ್ತಿ ಕೊಡುತ್ತಾಳೆ; ಅವಳಿಗೆ ಬೇರೆ ಮಜೂರಿಯಿಲ್ಲ.

ಇನ್ನು ನಷ್ಟ ಎಲ್ಲಿಗೆ ಹೋಗುತ್ತದೆಂಬುದನ್ನೂ ಹೇಳಬೇಕು. ನೂಲಿನ ವ್ಯಾಪಾರಿ ತನ್ನ ದರವನ್ನು ಇಳಿಸುವುದಿಲ್ಲ. ಬಾಡಿಗೆ, ವಿದ್ಯುತ್ ಬಿಲ್ಲುಗಳೂ ಇಳಿಯುವುದಿಲ್ಲ. ಇಡೀ ಲೆಕ್ಕದಲ್ಲಿ ಬಗ್ಗುವ ಅಂಕಿ ಒಂದೇ, ಅದು ಮಜೂರಿ. ನಾನು ಪಿಯುಸಿ ಓದುತ್ತಿದ್ದಾಗ ಒಂದು ಹಂಗಾಮಿನಲ್ಲಿ ದೊಡ್ಡ ಗಿರಾಕಿಗಳಿಗೆ ಹೆಚ್ಚು ಬಿಟ್ಟುಕೊಟ್ಟದ್ದರಿಂದ, ಮುಂದಿನ ತಿಂಗಳು ಸೀರೆಗೆ 50 ರೂಪಾಯಿ ಮಜೂರಿ ಇಳಿಯಿತು. ಅದು ಮತ್ತೆ ಮೇಲೇರಲು ಒಂದು ವರ್ಷ ಹಿಡಿಯಿತು. ಆದ್ದರಿಂದ ಹುಬ್ಬಳ್ಳಿಯ ಸಂದೇಶ ಬಂದಾಗ ‘ಆಗುವುದಿಲ್ಲ’ ಎಂದು ಹೇಳಬೇಕೆಂಬುದರಲ್ಲಿ ನನಗೂ ಸಾವ್ಕಾರರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಗಿರಾಕಿ ಬಿಟ್ಟುಹೋದರೂ ನಮ್ಮ ಮನೆಗೆ ಕಷ್ಟವೇ. ಇಪ್ಪತ್ತು ಸೀರೆಯೆಂದರೆ ಮಗ್ಗದ ಅರವತ್ತು ದಿನದ ಕೆಲಸ. ಅದರಲ್ಲಿ ನಾಲ್ಕಾರು ಸೀರೆ ನಮ್ಮ ಮಗ್ಗಕ್ಕೆ ಬರಬೇಕಾಗಿತ್ತು.

ಸಾವ್ಕಾರರು ತಮ್ಮ ಮೊದಲನೆಯ ಉತ್ತರವನ್ನೇ ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಓದುವವರ ಕಡೆಯಿಂದ ಅದನ್ನು ನೋಡಿರಿ. ಮದುವೆ ಮನೆಯ ಆ ತಾಯಿಗೆ 51,000 ಎಂಬ ಅಂಕಿ ಎಲ್ಲಿಂದಲೋ ಬಂದಿರುತ್ತದೆ. ಬಹುಶಃ ಮನೆಯಲ್ಲಿ ಕುಳಿತು ಉಡುಗೊರೆಗೆ ಇಷ್ಟು, ಅಡಿಗೆಗೆ ಇಷ್ಟು ಎಂದು ಹಂಚಿಕೊಂಡಿರುತ್ತಾರೆ. ‘ಬ್ಯಾಡಾದ್ರ ಬಿಡ್ರಿ’ ಎಂದು ಬರೆದರೆ ಅವರ ಮುಂದೆ ಎರಡೇ ಬಾಗಿಲು: ತಮ್ಮ ಲೆಕ್ಕವನ್ನು ಮುರಿಯುವುದು, ಇಲ್ಲವೇ ನಮ್ಮನ್ನು ಬಿಡುವುದು. ಮಾನವುಳ್ಳವರು ಎರಡನೆಯದನ್ನೇ ಆರಿಸುತ್ತಾರೆ. ಸೀರೆ ಇಷ್ಟವಾಗಿದ್ದರೂ ಬಿಡುತ್ತಾರೆ.

ನಮ್ಮ ಅಂಗಡಿಯ ಹಿರಿಯ ಗುಮಾಸ್ತರದು ಇದಕ್ಕೆ ತೀರ ವಿರುದ್ಧವಾದ ದಾರಿ. ಅವರು ಬಲು ಮೃದು. ‘ನೋಡೋಣ ಅಕ್ಕಾರ, ಸಾವ್ಕಾರ್ನ ಕೇಳಿ ಹೇಳ್ತೀನ್ರಿ’ ಎನ್ನುತ್ತಾರೆ. ಕೇಳಲು ಸಕ್ಕರೆಯಂತಿದೆ. ಆದರೆ ಇದನ್ನು ಕೇಳಿದ ಗಿರಾಕಿ ಏನು ತಿಳಿಯುತ್ತಾರೆ? ಕೇಳುವುದಕ್ಕೆ ಜಾಗ ಇದೆ ಎಂದು. ಎರಡು ದಿನ ಕಾದು, ಕೊನೆಗೆ ಇಲ್ಲವೆಂದು ತಿಳಿದಾಗ, ಮೊದಲೇ ಇಲ್ಲವೆಂದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಬೇಸರವಾಗುತ್ತದೆ. ಹೀಗೆ ಬರೆದಾಗಲೆಲ್ಲ ಮರುದಿನ ಬರುವ ಸಂದೇಶ ಒಂದೇ ಬಗೆಯದು: ‘ಹೋಗಲಿ, ಹದಿಮೂರಕ್ಕೆ ಕೊಡಿ.’ ಮೃದುವಾಗಿ ಹೇಳುವುದಕ್ಕೂ ಅಸ್ಪಷ್ಟವಾಗಿ ಹೇಳುವುದಕ್ಕೂ ಬಹಳ ಅಂತರವಿದೆ.

ನಾನು ಬರೆದ ಉತ್ತರ ಹೀಗಿತ್ತು:

‘ನಮಸ್ಕಾರ ಅಕ್ಕಾವರೇ. ಮಗಳ ಮದುವೆಗೆ ನಮ್ಮ ಸೀರೆಗಳನ್ನು ಆರಿಸಿದ್ದು ಸಂತೋಷ. ಈ ಸೀರೆಗೆ ಶೇಕಡಾ 5 ಬಿಟ್ಟು 2,850 ರೂಪಾಯಿ. ಇದಕ್ಕಿಂತ ಕಡಿಮೆಗೆ ಕೊಡಲು ನಮ್ಮಿಂದಾಗುವುದಿಲ್ಲ. ಇನ್ನೂ ಇಳಿಸಿದರೆ ನೂಲು, ಮಜೂರಿಯ ಖರ್ಚು ಹೊರಡುವುದಿಲ್ಲ. ನಿಮಗೆ ಅನುಕೂಲವಾಗಲೆಂದು ಎರಡು ದಾರಿ ತಿಳಿಸುತ್ತೇವೆ. ಒಂದು: ಹತ್ತಿರದ ಬಂಧುಗಳಿಗೆ ಇದೇ ರೇಷ್ಮೆ ಸೆರಗಿನ ಸೀರೆ 10, ಉಳಿದವರಿಗೆ ಇದೇ ಬಣ್ಣ, ಇದೇ ತೋಪು ತೆನೆ, ಆದರೆ ದಡಿ ಮತ್ತು ಸೆರಗು ಕೃತಕ ರೇಷ್ಮೆಯದಾದ ಕೈಮಗ್ಗದ ಸೀರೆ 10. ಎರಡನೆಯ ಬಗೆಗೆ ಶೇಕಡಾ 5 ಬಿಟ್ಟು 2,280. ಒಟ್ಟು 51,300 ಆಗುತ್ತದೆ. ಎರಡು: ಇಪ್ಪತ್ತೂ ರೇಷ್ಮೆ ಸೆರಗಿನವೇ ಬೇಕಾದರೆ ಈಗ 27,000 ಕೊಡಿ, ಉಳಿದ 30,000 ಎರಡು ತಿಂಗಳ ನಂತರ ಸೀರೆ ಕೈಸೇರಿದಾಗ ಕೊಡಿ. ಎರಡೂ ಬಗೆಯ ಸೆರಗಿನ ಚಿತ್ರ ಕಳಿಸಿದ್ದೇವೆ. ಯಾವುದು ಅನುಕೂಲವೆಂದು ತಿಳಿಸಿರಿ.’

ಇದರಲ್ಲಿ ಅಲಂಕಾರವೇನೂ ಇಲ್ಲ. ವಾಕ್ಯಗಳ ಕ್ರಮವನ್ನು ಮಾತ್ರ ವಾಚಕರು ಗಮನಿಸಬೇಕು. ಇಲ್ಲವೆಂಬ ಮಾತು ಆರಂಭದಲ್ಲಿಯೇ ಬಂದುಬಿಟ್ಟಿದೆ, ಅಂಕಿಯೊಡನೆ ಬಂದಿದೆ. ‘ಸದ್ಯಕ್ಕೆ’, ‘ಸಾಮಾನ್ಯವಾಗಿ’ ಎಂಬ ಸಡಿಲವಾದ ಮಾತುಗಳು ಅದರ ಪಕ್ಕದಲ್ಲಿಲ್ಲ. ಕಾರಣವನ್ನು ಒಂದೇ ಸಲ, ಒಂದೇ ವಾಕ್ಯದಲ್ಲಿ ಹೇಳಿದೆ. ಹೆಚ್ಚು ಕಾರಣ ಕೊಟ್ಟರೆ ಗಿರಾಕಿ ಅವುಗಳಲ್ಲಿ ದುರ್ಬಲವಾದುದನ್ನು ಹಿಡಿದು ವಾದಿಸುತ್ತಾರೆ. ನೇಕಾರರು ಬಡವರೆಂದೂ ನಾನು ಬರೆಯುವುದಿಲ್ಲ. ಸಾವ್ಕಾರರು ಒಮ್ಮೆ ಹಾಗೆ ಬರೆಯೆಂದಿದ್ದರು. ಅಪ್ಪನ ಕೆಲಸಕ್ಕೆ ಬೆಲೆ ಕೇಳಬಹುದು. ಅಪ್ಪನ ಬಡತನವನ್ನು ತೋರಿಸಿ ದಯೆ ಕೇಳಲು ನನ್ನ ಕೈ ಬರಲಿಲ್ಲ. ದಯೆಯಿಂದ ಕೊಟ್ಟ ಬೆಲೆ ಮುಂದಿನ ಸಲ ಉಳಿಯುವುದೂ ಇಲ್ಲ.

ಬದಲಿ ದಾರಿಗಳನ್ನು ಸೂಚಿಸುವಾಗ ನಾನು ಹಿಡಿದ ನಿಯಮ ಒಂದೇ. ಅದೇ ಸೀರೆಯ ಅದೇ ವ್ಯವಹಾರಕ್ಕೆ ಬೆಲೆ ಇಳಿಯಬಾರದು. ಬೆಲೆ ಇಳಿಯಬೇಕಾದರೆ ಸೀರೆಯಲ್ಲಿಯೋ ಹಣ ಕೊಡುವ ರೀತಿಯಲ್ಲಿಯೋ ಏನಾದರೂ ಬದಲಾಗಬೇಕು. ಸುಮ್ಮನೆ ಇಳಿಸಿದರೆ ಮೊದಲು ಹೇಳಿದ ಬೆಲೆ ಸುಳ್ಳಾಗಿತ್ತೆಂದು ನಾವೇ ಒಪ್ಪಿಕೊಂಡ ಹಾಗೆ. ಹಿಂದಿನ ವಾರ 2,850 ಕೊಟ್ಟು ಹೋದವರ ಕಿವಿಗೆ ಇದು ಬಿದ್ದರೆ ಅವರಿಗೆ ಮೋಸವಾದಂತೆ ಅನಿಸುವುದಿಲ್ಲವೇ?

ಆ ನಿಯಮದ ಮೇಲೆ ಎರಡು ದಾರಿಗಳನ್ನೂ ಅಳೆದು ನೋಡಿರಿ. ಕೃತಕ ರೇಷ್ಮೆಯ ಸೀರೆಯಲ್ಲಿ ನೂಲಿನ ಖರ್ಚು 1,100ರಿಂದ 600ಕ್ಕೆ ಇಳಿಯುತ್ತದೆ. ಕೊಂಡಿ ಅಷ್ಟೇ, ನೇಯ್ಗೆ ಅಷ್ಟೇ, ಆದ್ದರಿಂದ ಮಜೂರಿಯೂ ಅದೇ 900. ಖರ್ಚು 2,100 ಬಿದ್ದು, 2,280ಕ್ಕೆ ಮಾರಿದರೆ 180 ಉಳಿಯುತ್ತದೆ. ಹತ್ತು ರೇಷ್ಮೆ ಸೆರಗಿನವುಗಳಲ್ಲಿ 2,500, ಹತ್ತು ಕೃತಕ ರೇಷ್ಮೆಯವುಗಳಲ್ಲಿ 1,800, ಒಟ್ಟು 4,300 ರೂಪಾಯಿ ಅಂಗಡಿಗೆ ಉಳಿಯಿತು. ಗಿರಾಕಿ ಕೇಳಿದ ಮೊತ್ತಕ್ಕಿಂತ ಇದು 300 ಮಾತ್ರ ಹೆಚ್ಚು. ಎರಡನೆಯ ದಾರಿಯಲ್ಲಿ ಬೆಲೆ ಇಳಿದಿಲ್ಲ, ಹಣ ಕೊಡುವ ಕಾಲ ಬದಲಾಗಿದೆ. ನಮ್ಮ ಅಂಗಡಿಯ ರೂಢಿ ಪೂರ್ತಿ ಹಣ ಮುಂಗಡ. 30,000ವನ್ನು ಎರಡು ತಿಂಗಳು ತಡೆದುಕೊಂಡರೆ ಸಾವ್ಕಾರರು ಹೊರುವ ಬಡ್ಡಿ, ತಿಂಗಳಿಗೆ ನೂರಕ್ಕೆ ಒಂದೂವರೆಯಂತೆ, 900 ರೂಪಾಯಿ. 5,000 ಲಾಭದಲ್ಲಿ ಅದು ಹೋದರೂ 4,100 ಉಳಿಯುತ್ತದೆ. ಮದುವೆ ಮನೆಯವರಿಗಾದರೋ ಕೈಯಲ್ಲಿ ಹಣವಿಲ್ಲದ ಸಮಯದಲ್ಲಿ ಎರಡು ತಿಂಗಳ ಅವಕಾಶವು 900 ರೂಪಾಯಿಗಿಂತ ಬೆಲೆಯುಳ್ಳದ್ದು. ನಮಗೆ ಕಡಿಮೆ ಖರ್ಚಿನದು, ಅವರಿಗೆ ಹೆಚ್ಚು ಉಪಯೋಗದ್ದು ಯಾವುದೋ ಅದನ್ನೇ ಹುಡುಕಿ ಕೊಡಬೇಕು.

ದಾರಿಗಳು ಎರಡೇ ಏಕೆ? ಐದಾರು ಬರೆದರೆ ಗಿರಾಕಿ ಒಂದನ್ನೂ ಆರಿಸುವುದಿಲ್ಲ. ಎಲ್ಲದರ ಅನುಕೂಲವನ್ನೂ ಕೂಡಿಸಿ ಕೇಳುತ್ತಾರೆ. ಮತ್ತು ಬರೆದ ದಾರಿ ನಿಜವಾದದ್ದಾಗಿರಬೇಕು. ಕೃತಕ ರೇಷ್ಮೆಯೆಂಬುದನ್ನು ಮುಚ್ಚಿಟ್ಟು ‘ಅಂತಹುದೇ ಇನ್ನೊಂದು ಬಗೆ’ ಎಂದು ಬರೆದಿದ್ದರೆ ಅದು ಸೌಜನ್ಯದ ವೇಷ ತೊಟ್ಟ ಮೋಸವಾಗುತ್ತಿತ್ತು.

ಉತ್ತರ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಗಿರಾಕಿಯ ಮುಂದಿನ ಸಂದೇಶವೇ ಒರೆಗಲ್ಲು. ಅದರಲ್ಲಿ ಮತ್ತೊಂದು ಶೇಕಡಾವಾರು ಅಂಕಿ ಇದ್ದರೆ, ನಮ್ಮ ‘ಇಲ್ಲ’ದಲ್ಲಿ ಎಲ್ಲಿಯೋ ಬಿರುಕು ಉಳಿದಿದೆ. ಅದರಲ್ಲಿ ಸೀರೆಯ ವಿಷಯವಾಗಿ ಪ್ರಶ್ನೆಯಿದ್ದರೆ ಮಾತು ಬೆಲೆಯಿಂದ ವಸ್ತುವಿನ ಕಡೆಗೆ ತಿರುಗಿದೆ. ಹುಬ್ಬಳ್ಳಿಯಿಂದ ಆ ರಾತ್ರಿಯೇ ಪ್ರಶ್ನೆ ಬಂತು: ‘ಕೃತಕ ರೇಷ್ಮೆ ಸೆರಗು ಒಗೆದರೆ ಬಣ್ಣ ಬಿಡುತ್ತದೆಯೇ?’ ಮೊದಲ ಕೆಲವು ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಬೇಕು, ನೆರಳಿನಲ್ಲಿ ಒಣಗಿಸಬೇಕು ಎಂದು ಬರೆದೆ. ಮೂರನೆಯ ದಿನ ಹನ್ನೆರಡು ರೇಷ್ಮೆ ಸೆರಗಿನವು, ಎಂಟು ಕೃತಕ ರೇಷ್ಮೆಯವು ಎಂದು ಬೇಡಿಕೆ ಬಂತು. ಒಟ್ಟು 52,440 ರೂಪಾಯಿ. ನಾವು ಸೂಚಿಸಿದ್ದಕ್ಕಿಂತ ಎರಡು ರೇಷ್ಮೆ ಸೀರೆಗಳನ್ನು ಅವರು ತಾವಾಗಿಯೇ ಹೆಚ್ಚಿಸಿಕೊಂಡಿದ್ದರು.

ಎಲ್ಲ ಗಿರಾಕಿಗಳೂ ಹೀಗಿರುವುದಿಲ್ಲ. ‘ಇದೇ ಸೀರೆ ಇನ್ನೊಂದು ಅಂಗಡಿಯಲ್ಲಿ 900ಕ್ಕೆ ಇದೆ’ ಎಂದು ಚಿತ್ರ ಕಳಿಸುವವರಿದ್ದಾರೆ. ಸಾವ್ಕಾರರ ಎರಡನೆಯ ಉತ್ತರ ಹೊರಡುವುದು ಇಲ್ಲಿಯೇ. ಆ ಸೀರೆ ಪವರ್‌ಲೂಮಿನದಾಗಿರುವುದು ಬಹಳ ಸಂಭವ. ಆದರೆ ಚಿತ್ರ ನೋಡಿ ‘ಅದು ನಕಲಿ’ ಎಂದು ಬರೆದರೆ ಗಿರಾಕಿಯ ಆಯ್ಕೆಯನ್ನು ಹಳಿದಂತಾಗುತ್ತದೆ. ನಾನು ಬರೆಯುವುದು ಇಷ್ಟು: ‘ಆ ಬೆಲೆಗೆ ನಮ್ಮಿಂದ ಕೊಡಲಾಗುವುದಿಲ್ಲ. ಕೊಳ್ಳುವ ಮೊದಲು ದಯವಿಟ್ಟು ಸೀರೆಯನ್ನು ಮಗುಚಿ, ಒಡಲು ಮುಗಿದು ಸೆರಗು ಆರಂಭವಾಗುವ ಜಾಗವನ್ನು ನೋಡಿರಿ. ಕೈಮಗ್ಗದ ಸೀರೆಯಲ್ಲಿ ಅಲ್ಲಿ ಒಡಲಿನ ಹಾಸಿನ ಎಳೆ ನಿಂತು ಸೆರಗಿನ ಕೆಂಪು ಎಳೆ ಕೊಂಡಿಯಿಂದ ಕೂಡಿರುತ್ತದೆ. ಒಡಲಿನ ಎಳೆಯೇ ಸೆರಗಿನೊಳಕ್ಕೂ ಹರಿದು ಹೋಗಿದ್ದರೆ ಅದು ಬೇರೆ ಬಗೆಯ ಸೀರೆ. ದಿನಬಳಕೆಗೆ ಅದೂ ಸಾಕಾಗಬಹುದು.’ ಕೊನೆಯ ವಾಕ್ಯವನ್ನು ಸಾವ್ಕಾರರು ಹೊಡೆದು ಹಾಕಬೇಕೆಂದರು. ಅದು ನಿಜವಾದ್ದರಿಂದ ಇರಲೆಂದು ನಾನು ಕೇಳಿಕೊಂಡೆ. ಇಂಥವರಲ್ಲಿ ಬಹಳ ಮಂದಿ ಅಲ್ಲಿಯೇ ಕೊಳ್ಳುತ್ತಾರೆ. ಕೆಲವರು ಮಗುಚಿ ನೋಡಿ ಹಿಂದಿರುಗುತ್ತಾರೆ.

ಈ ಕ್ರಮಕ್ಕೆ ಮಿತಿಯೂ ಉಂಟು. ಚೌಕಾಸಿಯ ಸುಖಕ್ಕಾಗಿಯೇ ಚೌಕಾಸಿ ಮಾಡುವವರಿಗೆ ಯಾವ ದಾರಿ ತೋರಿಸಿದರೂ ರುಚಿಸುವುದಿಲ್ಲ. ಎರಡು ಸಲ ಉತ್ತರಿಸಿ, ಮೂರನೆಯ ಸಲ ‘ಬೆಲೆ ಅದೇ ಅಕ್ಕಾವರೇ, ಮನಸ್ಸಾದಾಗ ಬನ್ನಿರಿ, ಸೀರೆ ತೋರಿಸುತ್ತೇವೆ’ ಎಂದು ನಿಲ್ಲಿಸುತ್ತೇನೆ. ಅಂಗಡಿಗೇ ಬಂದ ಗಿರಾಕಿಯ ಎದುರಿನಲ್ಲಿ ಇಷ್ಟು ಉದ್ದವಾಗಿ ಹೇಳಲೂ ಆಗದು. ಅಲ್ಲಿ ಬೆಲೆ ಇಷ್ಟೇ ಎಂದು ಒಂದು ಮಾತು ಹೇಳಿ, ಕೃತಕ ರೇಷ್ಮೆಯ ಸೀರೆಯನ್ನು ಬಿಡಿಸಿ ಪಕ್ಕದಲ್ಲಿ ಹಾಸಿಬಿಡುವುದೇ ಸರಿ. ಉಳಿದದ್ದನ್ನು ಕೈ ಮುಟ್ಟಿ ನೋಡಿಯೇ ತಿಳಿಯುತ್ತಾರೆ.

ಹುಬ್ಬಳ್ಳಿಯ ಬೇಡಿಕೆಯಲ್ಲಿ ಐದು ಸೀರೆ ನಮ್ಮ ಮಗ್ಗಕ್ಕೆ ಬಂದವು. ಬಟವಾಡೆಯ ದಿನ ಅಪ್ಪ 4,500 ರೂಪಾಯಿ ಎಣಿಸಿಕೊಂಡು ಬಂದರು. ಸೀರೆಗೆ 900, ಒಂದು ರೂಪಾಯಿ ಕಡಿಮೆಯಿಲ್ಲ. ಆ ಉತ್ತರವನ್ನು ಯಾರು ಬರೆದರೆಂದು ಅವರು ಕೇಳಲಿಲ್ಲ, ಗುಮಾಸ್ತರು ಹೇಳಿರಬೇಕು. ಸಾವ್ಕಾರರಂತೂ ಈಗ ಹೇಳುವ ಧಾಟಿಯನ್ನು ಸ್ವಲ್ಪ ಬದಲಿಸಿದ್ದಾರೆ. ಹೆಚ್ಚು ಬಿಡಿರೆಂದು ಯಾರಾದರೂ ಬರೆದರೆ ಕನ್ನಡಕವನ್ನು ಹಣೆಗೇರಿಸಿ, ‘ಕಡಿಮಿ ಆಗೂದಿಲ್ಲಂತ ಮೊದ್ಲ ಬರಿ ತಮ್ಮಾ. ಆಮ್ಯಾಲ ನಿನ್ನ ಎರಡು ದಾರಿ ಏನದಾವು, ಅವನ್ನ ಹಚ್ಚು’ ಎನ್ನುತ್ತಾರೆ.